ಟಿಪಿಒ ಇಳಿಯಿತು, ಟಿಎಸ್‌ಎಚ್ ಏರಿತು

ವಿಜಯಪುರದಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಪ್ರತಿ ತಿಂಗಳು ಥೈರಾಯ್ಡ್ ಗುಳಿಗೆ ಒಯ್ಯುವ ಒಬ್ಬ ಶಿಕ್ಷಕಿ ಮೊನ್ನೆ ಎರಡು ರಿಪೋರ್ಟ್ ತಂದು ಕೌಂಟರ್ ಮೇಲಿಟ್ಟರು. "ಅಣ್ಣಾರ, ಟಿಪಿಒ ಇಳದೈತಿ, ಆದ್ರ ಟಿಎಸ್‌ಎಚ್ ಯಾಕ ಏರೈತ್ರಿ?" ಅಂದರು.

ಅವರಿಗೆ ಹಾಶಿಮೋಟೊ. ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿಬೀಳುವ ಕಾಯಿಲೆ. ಗ್ರಂಥಿಯಲ್ಲಿರುವ ಟಿಪಿಒ ಅನ್ನುವ ಕಿಣ್ವದ ವಿರುದ್ಧ ರಕ್ತದಲ್ಲಿ ಸಿಗುವ ಆಂಟಿಬಾಡಿಯೇ ಆ ದಾಳಿಯ ಗುರುತು, ಅದನ್ನೇ ಚಿಕ್ಕದಾಗಿ ಟಿಪಿಒ ಅನ್ನುತ್ತೇವೆ. ಟಿಎಸ್‌ಎಚ್ ಅಂದರೆ ಥೈರಾಯ್ಡ್‌ಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನು, ಥೈರಾಯ್ಡ್ ಹಾರ್ಮೋನು ಕಡಿಮೆ ಬಿದ್ದರೆ ಅದು ಏರುತ್ತದೆ. ಆ ಕೊರತೆ ತುಂಬಲು ಕೊಡುವ ಥೈರಾಕ್ಸಿನ್ ಗುಳಿಗೆ ದಿನಕ್ಕೆ 75 ಮೈಕ್ರೋಗ್ರಾಂ ತಗೊಳ್ಳುತ್ತಿದ್ದಾಗ ಅವರ ಟಿಎಸ್‌ಎಚ್ 2.8 ಇತ್ತು. ನಾಲ್ಕು ತಿಂಗಳ ಹಿಂದೆ ಯಾವುದೋ ವಿಡಿಯೊ ನೋಡಿ ಸೆಲೆನಿಯಮ್ ಅನ್ನುವ ಖನಿಜದ 200 ಮೈಕ್ರೋಗ್ರಾಂ ಗುಳಿಗೆ ಶುರು ಮಾಡಿದರು. ಗೋಧಿ ಬಿಟ್ಟರು. ವಿಟಮಿನ್ ಡಿ ಕಡಿಮೆ ಇದೆ ಅಂತ ಕ್ಯಾಲ್ಸಿಯಂ ಜೊತೆ ಸೇರಿರುವ ಡಿ ಗುಳಿಗೆಯನ್ನೂ ಶುರು ಮಾಡಿದರು. ಈಗ ಟಿಪಿಒ 900ರಿಂದ 560ಕ್ಕೆ ಇಳಿದಿದೆ, ಟಿಎಸ್‌ಎಚ್ 9.4 ಆಗಿದೆ. ಸುಸ್ತು ಜಾಸ್ತಿಯಾಗಿದೆ.

ಸೆಲೆನಿಯಮ್ ತಗೊಂಡರೆ ಟಿಪಿಒ ಇಳಿಯುವುದು ಸುಳ್ಳಲ್ಲ. ಹಲವು ಪ್ರಯೋಗಗಳಲ್ಲಿ ಅದು ಕಂಡಿದೆ. ಆದರೆ ಆಂಟಿಬಾಡಿ ಇಳಿದರೆ ಮನುಷ್ಯ ಗುಣವಾದ ಅಂತ ಅರ್ಥ ಅಲ್ಲ. ಡೆನ್ಮಾರ್ಕ್‌ನಲ್ಲಿ ಕ್ಯಾಟಲಿಸ್ಟ್ ಅನ್ನುವ ಪ್ರಯೋಗ ಮಾಡಿದರು. ಥೈರಾಕ್ಸಿನ್ ತಗೊಳ್ಳುತ್ತಿದ್ದ 400ಕ್ಕೂ ಹೆಚ್ಚು ಹಾಶಿಮೋಟೊ ರೋಗಿಗಳಲ್ಲಿ ಕೆಲವರಿಗೆ ವರ್ಷವಿಡೀ ದಿನಕ್ಕೆ 200 ಮೈಕ್ರೋಗ್ರಾಂ ಸೆಲೆನಿಯಮ್ ಕೊಟ್ಟರು, ಉಳಿದವರಿಗೆ ಔಷಧಿಯಿಲ್ಲದ ಗುಳಿಗೆ. ಸೆಲೆನಿಯಮ್ ತಗೊಂಡವರ ಆಂಟಿಬಾಡಿ ಇಳಿಯಿತು. ಆದರೆ ಅವರ ದಿನನಿತ್ಯದ ಆರೋಗ್ಯ ಉಳಿದವರಿಗಿಂತ ಹೆಚ್ಚೇನೂ ಸುಧಾರಿಸಲಿಲ್ಲ.

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂತ ಸುಮ್ಮನಿರಬಹುದಿತ್ತು. ಆದರೆ ಅವರು ಕೂದಲಿಗೆ ಅಂತ ಇನ್ನೊಂದು ಕ್ಯಾಪ್ಸೂಲ್ ತಗೊಳ್ಳುತ್ತಿದ್ದರು. ಅದರ ಲೇಬಲ್ ಓದಿ ನೋಡಿದೆ, ಅದರಲ್ಲೂ 70 ಮೈಕ್ರೋಗ್ರಾಂ ಸೆಲೆನಿಯಮ್. ಎರಡೂ ಸೇರಿ 270. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಊಟವೂ ಸೇರಿ ದಿನಕ್ಕೆ 255 ದಾಟಬಾರದು ಅನ್ನುತ್ತದೆ. ಸೆಲೆನಿಯಮ್ ಅತಿಯಾದರೆ ಕಾಣುವ ಮೊದಲ ಲಕ್ಷಣಗಳಲ್ಲಿ ಕೂದಲು ಉದುರುವುದೂ ಒಂದು. ಥೈರಾಯ್ಡ್ ಕಡಿಮೆಯಾದರೂ ಕೂದಲು ಉದುರುತ್ತದೆ. ಯಾವುದರಿಂದ ಉದುರಿತು ಅಂತ ಹೇಗೆ ಹೇಳುವುದು? ಸೆಲೆನಿಯಮ್ ಇರುವ ಆ ಗುಳಿಗೆ, ಕ್ಯಾಪ್ಸೂಲ್ ಎರಡನ್ನೂ ನಿಲ್ಲಿಸಿ ಅಂದೆ.

ಇನ್ನು ಗೋಧಿ. ಹಾಶಿಮೋಟೊ ಇದ್ದವರಲ್ಲಿ ನೂರಕ್ಕೆ ಎರಡರಿಂದ ಐದು ಜನರಿಗೆ ಸೀಲಿಯಾಕ್ ಕಾಯಿಲೆ ಇರುತ್ತದೆ, ಅಂದರೆ ಗ್ಲುಟೆನ್ ಅನ್ನುವ ಗೋಧಿಯ ಪ್ರೋಟೀನಿನಿಂದ ಕರುಳು ಕೆಡುವ ಕಾಯಿಲೆ. ಅವರು ಗೋಧಿಯ ಗ್ಲುಟೆನ್ ಬಿಡಲೇಬೇಕು. ಬಿಡದಿದ್ದರೆ ಅವರಲ್ಲಿ ಕರುಳು ಥೈರಾಕ್ಸಿನ್ ಅನ್ನೂ ಸರಿಯಾಗಿ ಹೀರುವುದಿಲ್ಲ, ಡೋಸ್ ಏರಿಸುತ್ತಲೇ ಹೋಗಬೇಕಾಗುತ್ತದೆ. ಉಳಿದವರು ಗೋಧಿ ಬಿಟ್ಟರೆ ಥೈರಾಯ್ಡ್ ಸುಧಾರಿಸುತ್ತದೆ ಅನ್ನುವುದಕ್ಕೆ ಇರುವುದು ಸಣ್ಣ ಸಣ್ಣ ಪ್ರಯೋಗಗಳು ಮಾತ್ರ, ಅವನ್ನು ನಂಬಿ ಚಪಾತಿ ಬಿಡಿ ಅಂತ ನಾನು ಹೇಳಲಾರೆ. ಸೀಲಿಯಾಕ್ ಇದೆಯಾ ಅಂತ ತಿಳಿಯಲು ಟಿಟಿಜಿ ಅನ್ನುವ ರಕ್ತಪರೀಕ್ಷೆ ಇದೆ. ಆದರೆ ಅದನ್ನು ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು. ಬಿಟ್ಟು ತಿಂಗಳುಗಟ್ಟಲೆ ಆದ ಮೇಲೆ ಮಾಡಿಸಿದರೆ, ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ಇವರು ಮೊದಲು ಬಿಟ್ಟರು, ಪರೀಕ್ಷೆಯನ್ನೇ ಮಾಡಿಸಲಿಲ್ಲ.

ನನಗೆ ಬೇಜಾರಾಗಿದ್ದು ಇನ್ನೊಂದಕ್ಕೆ. ಗ್ಲುಟೆನ್ ಇಲ್ಲದ ಹಿಟ್ಟು ಅಂತ ಆನ್‌ಲೈನ್‌ನಲ್ಲಿ ದುಬಾರಿ ಪ್ಯಾಕೆಟ್ ತರಿಸುತ್ತಿದ್ದರು. ಅವರ ಮನೆಯಲ್ಲೇ ಮಾಲದಂಡಿ ಜೋಳದ ಚೀಲ ಇದೆ! ಜೋಳದಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ. ನಿಜವಾಗಿ ಸೀಲಿಯಾಕ್ ಇದ್ದವರು ಮಾತ್ರ ಒಂದು ಎಚ್ಚರ ವಹಿಸಬೇಕು. ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿದರೆ ಗೋಧಿ ಹಿಟ್ಟು ಅದಕ್ಕೆ ಬೆರೆಯುತ್ತದೆ.

ಟಿಎಸ್‌ಎಚ್ ಏರಿದ್ದು ಯಾಕೆ ಅಂತ ಗೊತ್ತಾಗಿದ್ದು, "ಯಾವ ಗುಳಿಗೆ ಯಾವಾಗ ತಗೋತೀರಿ?" ಅಂತ ಕೇಳಿದಾಗ. "ಎಲ್ಲಾ ಮುಂಜಾನೆ ಒಮ್ಮೇಲೆ ನುಂಗಿಬಿಡ್ತೀನ್ರಿ, ಶಾಲಿಗೆ ಹೋಗೋ ಗಡಿಬಿಡಿ" ಅಂದರು. ಹೊಟ್ಟೆಯೊಳಗೆ ಕ್ಯಾಲ್ಸಿಯಂ ಥೈರಾಕ್ಸಿನ್‌ಗೆ ಅಂಟಿಕೊಳ್ಳುತ್ತದೆ, ಆ ಥೈರಾಕ್ಸಿನ್ ರಕ್ತಕ್ಕೆ ಸೇರುವುದಿಲ್ಲ. ಎರಡರ ನಡುವೆ ಕನಿಷ್ಠ ನಾಲ್ಕು ತಾಸು ಅಂತರ ಬೇಕು. ಕಬ್ಬಿಣದ ಗುಳಿಗೆಗೂ ಇದೇ ಲೆಕ್ಕ.

ವಿಟಮಿನ್ ಡಿ ತಗೊಂಡಿದ್ದು ತಪ್ಪಲ್ಲ. ಅವರ ಮಟ್ಟ 14 ಇತ್ತು, ಎಲುಬಿಗೆ ಬೇಕೇ ಬೇಕು. ಅಮೆರಿಕದ ವೈಟಲ್ ಪ್ರಯೋಗದಲ್ಲಿ ಐದು ವರ್ಷ ದಿನಕ್ಕೆ 2000 ಯೂನಿಟ್ ಡಿ ತಗೊಂಡವರಲ್ಲಿ ಹೊಸದಾಗಿ ಇಂಥ ಸ್ವಯಂದಾಳಿ ಕಾಯಿಲೆಗಳು ಬಂದದ್ದು ಸುಮಾರು ಶೇಕಡಾ 22ರಷ್ಟು ಕಡಿಮೆ. ಅದು ಕಾಯಿಲೆ ಬರದಂತೆ ತಡೆಯುವ ಮಾತು. ಆಗಲೇ ಬಂದಿರುವ ಹಾಶಿಮೋಟೊ ಅದರಿಂದ ವಾಸಿಯಾಗುತ್ತದೆ ಅಂತ ಆ ಪ್ರಯೋಗ ಹೇಳುವುದಿಲ್ಲ.

ಡಾಕ್ಟರು ಥೈರಾಕ್ಸಿನ್ ಅನ್ನು 100ಕ್ಕೆ ಏರಿಸುವುದರಲ್ಲಿದ್ದರು. ಕ್ಯಾಲ್ಸಿಯಂ ವಿಷಯ ಹೇಳಿ ಬನ್ನಿ ಅಂತ ಶಿಕ್ಷಕಿಯನ್ನು ವಾಪಸ್ ಕಳಿಸಿದೆ. ಡಾಕ್ಟರು 75ರಲ್ಲೇ ಉಳಿಸಿ, ಎಂಟು ವಾರದ ಮೇಲೆ ಮತ್ತೆ ಟಿಎಸ್‌ಎಚ್ ನೋಡೋಣ ಅಂದಿದ್ದಾರೆ. ಅಲ್ಲಿವರೆಗೆ ಚಪಾತಿಯನ್ನೂ ತಿನ್ನಲಿ, ಟಿಟಿಜಿ ಅದೇ ದಿನ ಮಾಡಿಸೋಣ ಅಂತಲೂ ಹೇಳಿದ್ದಾರೆ. ಅವರ ಕ್ಯಾಲ್ಸಿಯಂ ಸ್ಟ್ರಿಪ್‌ನ ಹಿಂದೆ "ರಾತ್ರಿ ಊಟ ಆದ ಮ್ಯಾಲೆ" ಅಂತ ಪೆನ್ನಿನಲ್ಲಿ ಬರೆದುಕೊಟ್ಟಿದ್ದೇನೆ.