ಬಕನ ಪಾಲಿಗೆ ಒಂದು ಚಿಟಿಕೆ ಮಂಡಕ್ಕಿ

ಬಕ ಕಪ್ಪೆಯನ್ನು ತಿನ್ನಲೇಬೇಕು ಅಂತ ನಾನು, ತಿನ್ನಲೇಬಾರದು ಅಂತ ನಮ್ಮ ಬಡಾವಣೆಯ ಅಜ್ಜಿಯರು. ದಾವಣಗೆರೆಯ ಬೇಸಿಗೆಯಲ್ಲಿ ಮಕ್ಕಳನ್ನು ಮನೆಯೊಳಗೆ ಕೂರಿಸುವ ಉಪಾಯವಾಗಿ ಶುರುವಾದ ಗೊಂಬೆಯಾಟ ಇದು. ಕೊಳದಲ್ಲಿ ಯಾರು ಯಾರನ್ನು ತಿಂದು ಬದುಕುತ್ತಾರೆ ಅನ್ನೋದೇ ಕಥೆ. ಸ್ಕ್ರಿಪ್ಟ್ ಬರೆಯೋದು ನನ್ನ ಪಾಲಿಗೆ ಬಂತು. ಪಾಚಿಯನ್ನು ಸೊಳ್ಳೆಮರಿ ತಿನ್ನುತ್ತೆ, ಸೊಳ್ಳೆಮರಿಯನ್ನು ಕಪ್ಪೆ ತಿನ್ನುತ್ತೆ, ಕಪ್ಪೆಯನ್ನು ಬಕ ತಿನ್ನುತ್ತೆ. ನಾಲ್ಕೇ ಪಾತ್ರ, ಹತ್ತು ನಿಮಿಷದ ಆಟ. ಸುಲಭ ಅಲ್ವಾ?

"ಕಪ್ಪೆ ಪಾಪ, ಕೊನೆಗೆ ತಪ್ಪಿಸಿಕೊಂಡು ಹೋಗಲಿ ಬಿಡೇ" ಅಂದರು ಎದುರುಮನೆ ಅಜ್ಜಿ. ನಾನು ಹೇಳಿದೆ, ಅಜ್ಜಿ, ಕಪ್ಪೆ ನೂರಾರು ಮೊಟ್ಟೆ ಇಡುತ್ತೆ, ಕೆಲವು ಜಾತಿಯವು ಸಾವಿರಾರು. ಅಷ್ಟೂ ದೊಡ್ಡವಾದರೆ ಕೊಳದಲ್ಲಿ ನೀರು ಕಾಣಿಸಲ್ಲ, ಬರೀ ಕಪ್ಪೆ ಕಾಣಿಸುತ್ತೆ. "ಆದರೂ ಇದು ಒಂದೇ ತಾನೇ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಕ್ರಿಪ್ಟ್ ಮಾತ್ರ ಬದಲಾಗಲಿಲ್ಲ.

ನಿಜವಾದ ತೊಂದರೆ ಗೊಂಬೆಗಳದು. ಕಪ್ಪೆ ಕಾಲುಚೀಲದ ಕೈಗೊಂಬೆ. ಕಪ್ಪೆಯ ನಾಲಿಗೆ ನಮ್ಮದರ ಹಾಗೆ ಗಂಟಲ ಕಡೆಯಿಂದ ಬರಲ್ಲ, ಬಾಯಿಯ ಮುಂಭಾಗಕ್ಕೇ ಅಂಟಿಕೊಂಡಿರುತ್ತೆ. ಹಿಂದಕ್ಕೆ ಮಡಿಚಿಟ್ಟ ತುದಿ ಚಿಮ್ಮಿ ಹೊರಗೆ ಬಿದ್ದು ಹುಳುವಿಗೆ ಅಂಟುತ್ತೆ. ಅದಕ್ಕೆ ಕೆಂಪು ರಿಬ್ಬನ್ನನ್ನು ಕೆಳತುಟಿಗೇ ಹೊಲಿದು, ತುದಿಗೆ ವೆಲ್ಕ್ರೋ ಹಚ್ಚಿದೆವು. ಕಪ್ಪೆಯ ನಾಲಿಗೆಗೆ ಸಿಗಲಿ ಅಂತ ಆಮೇಲೆ ಸೇರಿಸಿಕೊಂಡ ನೊಣದ ಗೊಂಬೆಗೂ ವೆಲ್ಕ್ರೋ. ಕಪ್ಪೆ ನುಂಗುವಾಗ ಕಣ್ಣುಗುಡ್ಡೆಗಳು ಒಳಕ್ಕೆ ಇಳಿದು ತುತ್ತನ್ನು ಗಂಟಲಿಗೆ ನೂಕುತ್ತವೆ. ಹಾಗಾಗಿ ಪಿಂಗ್‌ಪಾಂಗ್ ಚೆಂಡಿನ ಕಣ್ಣಿಗೂ ದಾರ ಕಟ್ಟಿದೆವು, ಎಳೆದರೆ ಒಳಗೆ ಹೋಗಬೇಕು. ರಿಹರ್ಸಲ್‌ನಲ್ಲಿ ಕಣ್ಣು ಒಳಗೆ ಹೋಯಿತು, ಸರಿ. ಒಂದು ಮಾತ್ರ ವಾಪಸ್ ಬರಲಿಲ್ಲ. ಆಟದ ಉಳಿದ ಭಾಗವನ್ನೆಲ್ಲ ಕಪ್ಪೆ ಒಂದೇ ಕಣ್ಣು ಹೊಡೆಯುತ್ತ ಆಡಿತು.

ಬಕನ ಕುತ್ತಿಗೆ ಇನ್ನೂ ಕಷ್ಟ. ಅದು ಎಸ್ ಆಕಾರದಲ್ಲಿ ಮಡಿಚಿಕೊಂಡಿರುತ್ತೆ. ಕುತ್ತಿಗೆಯ ಆರನೇ ಮೂಳೆ ಉದ್ದವಾಗಿರೋದರಿಂದ ಅಲ್ಲೊಂದು ಕೀಲು ಬಂದ ಹಾಗಾಗಿ, ತಲೆ ಬಾಣದಂತೆ ಮುಂದಕ್ಕೆ ಹಾರುತ್ತೆ. ನಾವು ಸೈಕಲ್ ಬ್ರೇಕಿನ ಕೇಬಲ್ ಹಾಕಿ, ಮೇಲೆ ಹಳೇ ಸಾಕ್ಸ್ ಎಳೆದೆವು. ಕೇಬಲ್ ಜಗ್ಗಿದರೆ ಕೊಕ್ಕು ಮುಂದಕ್ಕೆ ಹೋಗುತ್ತಿತ್ತು, ಆದರೆ ಎತ್ತ ಕಡೆ ಅಂತ ಗೊತ್ತಾಗುತ್ತಿರಲಿಲ್ಲ. ಮೊದಲ ಹೊಡೆತಕ್ಕೆ ಪರದೆ ಸಿಕ್ಕಿತು, ಎರಡನೆಯದಕ್ಕೆ ತಬಲಾ ಬಾರಿಸುತ್ತಿದ್ದ ಹುಡುಗನ ಕನ್ನಡಕ.

ಆಟದ ದಿನ. ಬಕ ಆಡಿಸೋ ಹುಡುಗನಿಗೆ ನಾನು ಮೊದಲೇ ಹೇಳಿದ್ದೆ, ಅಲ್ಲಾಡಬಾರದು. ಕಪ್ಪೆಯ ಕಣ್ಣು ಅಲ್ಲಾಡುವ ವಸ್ತುವನ್ನೇ ಚೆನ್ನಾಗಿ ಗುರುತಿಸುತ್ತೆ. ಬಕ ಕಲ್ಲಾಗಿ ನಿಲ್ಲೋದರ ಗುಟ್ಟು ಅದೇ. ಕುಂದವಾಡ ಕೆರೆಯ ದಂಡೆಯಲ್ಲಿ ಕಂದು ಬಣ್ಣದ ಬಕ ಹಾಗೆ ನಿಂತಿದ್ದರೆ ನಮಗೇ ಕಾಣಿಸಲ್ಲ, ಹಾರಿದಾಗ ಬಿಳಿ ರೆಕ್ಕೆ ಬಿಚ್ಚಿಕೊಂಡಾಗಲೇ ಅಲ್ಲಿತ್ತು ಅಂತ ಗೊತ್ತಾಗೋದು. ಸ್ಕ್ರಿಪ್ಟಿನಲ್ಲಿ ಹೀಗಿತ್ತು:

ಕಪ್ಪೆ: ಬಕಣ್ಣ, ಏನು ತಪಸ್ಸಾ?
(ಬಕ ಸುಮ್ಮನಿರುತ್ತದೆ.)
ಕಪ್ಪೆ: ಊಟ ಆಯ್ತಾ?
(ಬಕ ಇನ್ನೂ ಸುಮ್ಮನಿರುತ್ತದೆ.)

ಹುಡುಗ ಶಿಸ್ತಿನವನು. ಅಲ್ಲಾಡಲೇ ಇಲ್ಲ. ಎಷ್ಟು ಹೊತ್ತಾದರೂ ಅಲ್ಲಾಡಲಿಲ್ಲ. ಹಿಂದಿನ ಸಾಲಿನಿಂದ ಒಬ್ಬರು ಅಂಕಲ್, "ಏನಮ್ಮಾ, ಗೊಂಬೆ ಕೆಟ್ಟಿತಾ?" ಅಂದರು. ಇತ್ತ ನೊಣ ಆಡಿಸೋ ಹುಡುಗಿಗೆ ಕೈ ಸೋತು, ನೊಣವೂ ನಿಂತುಬಿಟ್ಟಿತು. ನಿಂತ ನೊಣ ಕಪ್ಪೆಗೆ ಕಾಣಿಸಲ್ಲ ಅಂತ ನಾನೇ ಕಲಿಸಿದ್ದೆನಲ್ಲ, ಕಪ್ಪೆ ಆಡಿಸೋಳು ಅದನ್ನು ಮುಟ್ಟಲೇ ಇಲ್ಲ. ವೇದಿಕೆಯ ಮೇಲೆ ಮೂರು ಜೀವಿಗಳು, ಮೂರೂ ಬಕಧ್ಯಾನದಲ್ಲಿ. ವಿಜ್ಞಾನದ ಪ್ರಕಾರ ತಪ್ಪೇ ಇಲ್ಲದ ದೃಶ್ಯ ಅದು. ನೋಡೋಕೆ ಮಾತ್ರ ಯಾರಿಂದಲೂ ಆಗುತ್ತಿರಲಿಲ್ಲ. ಕೊನೆಗೆ ಕಪ್ಪೆ ತಾಳ್ಮೆಗೆಟ್ಟು ನಾಲಿಗೆ ಎಸೆಯಿತು. ವೆಲ್ಕ್ರೋ ಹೋಗಿ ಬಕನ ಸಾಕ್ಸಿಗೆ ಅಂಟಿಕೊಂಡಿತು. ಕಪ್ಪೆಯೇ ಬಕನನ್ನು ಹಿಡಿದಿದ್ದಕ್ಕೆ ಅಜ್ಜಿಯರ ಕಡೆಯಿಂದ ಭಾರಿ ಚಪ್ಪಾಳೆ.

ಎರಡನೇ ಅಂಕಕ್ಕೆ ಗೊಂಬೆ ಕಡಿಮೆ, ಮಂಡಕ್ಕಿ ಜಾಸ್ತಿ. ಆಹಾರ ಸರಪಳಿಯ ಬಾಣದ ಗುರುತನ್ನು ಮಕ್ಕಳು ಯಾವಾಗಲೂ ಉಲ್ಟಾ ಹಾಕುತ್ತಾರೆ. ಬಕ ಕಪ್ಪೆಯ ಮೇಲೆ ಎರಗುತ್ತೆ, ಹಾಗಾಗಿ ಬಾಣ ಬಕನಿಂದ ಕಪ್ಪೆಗೆ ಅನ್ನೋದು ಅವರ ವಾದ. ಬಾಣ ತೋರಿಸೋದು ಯಾರು ಹೊಡೆದರು ಅಂತಲ್ಲ, ಶಕ್ತಿ ಯಾರ ಹೊಟ್ಟೆಗೆ ಹೋಯಿತು ಅಂತ. ಹಾಗಾಗಿ ಬಾಣವನ್ನೇ ಬಿಟ್ಟು, ಆಹಾರವಾದವರು ತಿಂದವರ ಕೈಗೆ ಮಂಡಕ್ಕಿ ಕೊಡಬೇಕು ಅಂತ ಮಾಡಿದೆ. ಒಂದು ಹಂತದಿಂದ ಮುಂದಿನದಕ್ಕೆ ದಾಟೋದು ಸುಮಾರು ಹತ್ತನೇ ಒಂದು ಪಾಲು. ಅಮೆರಿಕದ ವಿಜ್ಞಾನಿ ರೇಮಂಡ್ ಲಿಂಡೆಮನ್ ಮಿನ್ನೆಸೋಟದ ಒಂದು ಪುಟ್ಟ ಕೆರೆಯನ್ನು ವರ್ಷಗಟ್ಟಲೆ ನೋಡಿ ಇಂಥ ಲೆಕ್ಕಕ್ಕೆ ಬುನಾದಿ ಹಾಕಿದರು. ಆ ಪ್ರಬಂಧ 1942ರಲ್ಲಿ ಅಚ್ಚಾಗುವ ಮೊದಲೇ, ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಹತ್ತನೇ ಒಂದು ಅನ್ನೋದು ಕಲ್ಲಿನ ಮೇಲೆ ಕೆತ್ತಿದ ಲೆಕ್ಕವಲ್ಲ, ಕೊಳದಿಂದ ಕೊಳಕ್ಕೆ ಹೆಚ್ಚು ಕಡಿಮೆ ಆಗುತ್ತೆ. ಮಂಡಕ್ಕಿ ಹಂಚೋಕೆ ಅಷ್ಟು ಸಾಕು.

ಪಾಚಿಯ ಪಾತ್ರ ಯಾರಿಗೂ ಬೇಡವಾಗಿತ್ತು. ಮಾತಿಲ್ಲ, ಓಟವಿಲ್ಲ, ಹಸಿರು ಬೆಡ್‌ಶೀಟ್ ಹೊದ್ದು ಮಲಗೋದಷ್ಟೇ. ಎಲ್ಲರಿಗಿಂತ ಚಿಕ್ಕವನ ತಲೆಗೆ ಕಟ್ಟಿದೆವು. ಬಿಸಿಲು ತಿಂದು ಊಟ ಮಾಡಿಕೊಂಡವನು ಅಂತ ಅವನ ಕೈಗೆ ಒಂದು ಕೆ.ಜಿ. ಮಂಡಕ್ಕಿ, ಅಂದರೆ ಒಂದು ದೊಡ್ಡ ಬುಟ್ಟಿ. ಸೊಳ್ಳೆಮರಿಗೆ ಹೋಗಿದ್ದು 100 ಗ್ರಾಂ, ಒಂದು ಬಟ್ಟಲು. ಕಪ್ಪೆಗೆ 10 ಗ್ರಾಂ, ಒಂದು ಹಿಡಿ. ಬಕನಿಗೆ 1 ಗ್ರಾಂ. ಒಂದು ಚಿಟಿಕೆ.

"ಉಳಿದದ್ದು ಎಲ್ಲಿ?" ಅಂತ ಬಕ ಪರದೆಯ ಹಿಂದಿನಿಂದ ಎದ್ದು ನಿಂತೇ ಕೇಳಿದ. ಒಳ್ಳೆಯ ಪ್ರಶ್ನೆ. ಸುಮಾರಷ್ಟು ಯಾರ ಬಾಯಿಗೂ ಸಿಗದೆ ಸತ್ತು ಕೆಸರಿಗೆ ಸೇರುತ್ತೆ. ತಿಂದಿದ್ದರಲ್ಲೂ ಜೀರ್ಣವಾಗದ್ದು ಹಿಕ್ಕೆಯಾಗಿ ಅಲ್ಲಿಗೇ ಬೀಳುತ್ತೆ, ಅದು ಬ್ಯಾಕ್ಟೀರಿಯಾಗಳ ಊಟ. ಉಳಿದದ್ದರಲ್ಲಿ ಹೆಚ್ಚಿನದು ಉಸಿರಾಡೋಕೆ, ಈಜೋಕೆ, ವಟಗುಟ್ಟೋಕೆ ಖರ್ಚಾಗಿ ಶಾಖವಾಗಿ ಹೋಗುತ್ತೆ. ಕೆಸರಿಗೆ ಸೇರಿದ ಗೊಬ್ಬರ ಮತ್ತೆ ಪಾಚಿಗೆ ಸಿಗುತ್ತೆ, ಹೋದ ಶಾಖ ಮಾತ್ರ ಯಾರಿಗೂ ವಾಪಸ್ ಸಿಗಲ್ಲ. ಇದನ್ನು ತೋರಿಸೋಕೆ ಪಕ್ಕದಲ್ಲೊಂದು ದೊಡ್ಡ ಪಾತ್ರೆ ಇಟ್ಟು, ಕಳೆದುಹೋದ ಮಂಡಕ್ಕಿಯನ್ನೆಲ್ಲ ಅದಕ್ಕೇ ಸುರಿಸುತ್ತಿದ್ದೆ. ನಾನು ವಿವರಿಸಿ ಮುಗಿಸಿ ತಿರುಗಿ ನೋಡಿದರೆ ಪಾತ್ರೆ ಇರಲಿಲ್ಲ. ಎದುರುಮನೆ ಅಜ್ಜಿ ಒಳಗೆ ಒಯ್ದು ಒಗ್ಗರಣೆ ಹಾಕಿ, ಮೇಲೆ ಮೆಣಸಿನಕಾಯಿ ಕರಿಯೋಕೂ ಶುರು ಮಾಡಿದ್ದರು. "ಹಾಳಾಗಿ ಹೋಗುತ್ತೆ ಅಂದೆಯಲ್ಲೇ" ಅಂದರು.

ಅಷ್ಟರಲ್ಲಿ ನೊಣದ ಹುಡುಗಿಯ ಅಣ್ಣ ಮುಂದೆ ಬಂದ. ಅವನ ಪ್ರಕಾರ ಸರಪಳಿ ಬಕನ ಹತ್ತಿರ ನಿಲ್ಲೋದೇ ತಪ್ಪು. ಬಕನನ್ನು ಮೊಸಳೆ ತಿನ್ನಬೇಕು, ಮೊಸಳೆಯನ್ನು ಹುಲಿ ತಿನ್ನಬೇಕು, ಹುಲಿ ತಾನೇ ಆಗಬೇಕು. ಸರಿ, ಬಾ ಅಂದೆ. ಬಕನ ಚಿಟಿಕೆಯಲ್ಲಿ ಹತ್ತನೇ ಒಂದು ಪಾಲು ಎಣಿಸಿ ಮೊಸಳೆಯ ಹೆಸರಿನಲ್ಲಿ ತೆಗೆದಿಟ್ಟೆ, ನಾಲ್ಕೈದು ಕಾಳು. ಅದರಲ್ಲಿ ಮತ್ತೆ ಹತ್ತನೇ ಒಂದು ಅಂದರೆ ಅರ್ಧ ಕಾಳು. ಅದನ್ನು ಮುರಿದು ಹುಲಿಯ ಅಂಗೈ ಮೇಲಿಟ್ಟೆ. ಇಷ್ಟರಲ್ಲಿ ಒಂದು ಹುಲಿ ಸಾಕೋಕೆ ಆ ಕೊಳ ಎಷ್ಟು ದೊಡ್ಡದಿರಬೇಕು ಅಂತ ಕೇಳಿದೆ.

ಹುಲಿ ಅಂಗೈ ನೋಡಿಕೊಂಡಿತು. ಆಮೇಲೆ ಬೆಡ್‌ಶೀಟಿನ ಕೆಳಗೆ ಬುಟ್ಟಿಯ ಹತ್ತಿರ ಮಲಗಿ, ತಳದಲ್ಲಿ ಉಳಿದಿದ್ದನ್ನು ಗುಟ್ಟಾಗಿ ಮುಕ್ಕುತ್ತಿದ್ದ ಚಿಕ್ಕವನನ್ನು ನೋಡಿತು.

"ಆಂಟಿ, ಮುಂದಿನ ಸಲ ಪಾಚಿ ನಾನು."