ಪರದೆಯ ದಾಳ ಮೋಸ ಮಾಡುತ್ತದೆಯೇ?

ನಾವು ಫೌಂಡ್ರಿ ಎಂಬ ಸಾಫ್ಟ್‌ವೇರ್‌ನಲ್ಲಿ ಆನ್‌ಲೈನ್ ಆಗಿ ಪಾತ್ರ ವಹಿಸುವ ಆಟ ಆಡುತ್ತೇವೆ, ದಾಳ ಉರುಳಿಸುವುದೂ ಅದರಲ್ಲೇ. ಹೋದ ಆಟದ ರಾತ್ರಿ ನಮ್ಮ ಕಳ್ಳನ ಪಾತ್ರಧಾರಿಗೆ ಇಪ್ಪತ್ತು ಮುಖದ ದಾಳದಲ್ಲಿ ಸಾಲಾಗಿ 3, 2, 5 ಬಿದ್ದವು. "ಈ ಸಾಫ್ಟ್‌ವೇರ್‌ಗೆ ನನ್ನನ್ನು ಕಂಡರಾಗದು" ಎಂದ. ಇನ್ನೊಬ್ಬ, ಮುಂದಿನ ಸಲದಿಂದ ಎಲ್ಲರೂ ಮನೆಯ ದಾಳವನ್ನೇ ಕ್ಯಾಮೆರಾದ ಮುಂದೆ ಉರುಳಿಸೋಣ ಎಂದ. ಆಟ ನಡೆಸುವವನಾದ ನಾನು ಒಪ್ಪಲಿಲ್ಲ.

ಲೆಕ್ಕ ಹಾಕಿ ನೋಡಿ. ಐದು ಅಥವಾ ಅದಕ್ಕಿಂತ ಕಡಿಮೆ ಬೀಳುವುದು ನಾಲ್ಕರಲ್ಲಿ ಒಂದು ಸಲ. ಮೂರು ಬಾರಿ ಸತತವಾಗಿ ಬೀಳುವುದು 64ರಲ್ಲಿ ಒಂದು ಸಲ. ಅಪರೂಪ ಅನಿಸುತ್ತದೆ. ಆದರೆ ಒಬ್ಬ ಆಟಗಾರ ರಾತ್ರಿಯಿಡೀ ಮೂವತ್ತು ಸಲ ಉರುಳಿಸಿದರೆ, ಅದರೊಳಗೆ ಎಲ್ಲಾದರೂ ಇಂಥ ಸಾಲೊಂದು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು. ನಾವು ನಾಲ್ವರು ಆಟಗಾರರು. ಹಾಗಾಗಿ ನಾಲ್ಕು ರಾತ್ರಿಗಳಲ್ಲಿ ಸುಮಾರು ಮೂರರಲ್ಲಿ ಯಾರಾದರೊಬ್ಬರು ದಾಳವನ್ನು ಶಪಿಸಿಯೇ ಶಪಿಸುತ್ತಾರೆ. ಮೇಜಿನ ಮೇಲೂ ಹೀಗೇ ಆಗುತ್ತಿತ್ತು. ಅಲ್ಲಿ ದಾಳ ಬದಲಿಸಿ ಸಮಾಧಾನಪಟ್ಟುಕೊಳ್ಳುತ್ತಿದ್ದೆವು, ಇಲ್ಲಿ ಬದಲಿಸಲು ಕೈಯಲ್ಲಿ ಏನೂ ಇಲ್ಲ, ಅಷ್ಟೆ.

ನಂಬಿಕೆ ಬಾರದಿದ್ದರೆ ಚಾಟ್‌ನಲ್ಲಿ ಉಳಿದಿರುವ 200 ಫಲಿತಾಂಶಗಳನ್ನು ಎಣಿಸಿ. ಒಂದೊಂದು ಮುಖಕ್ಕೆ ಸರಾಸರಿ ಹತ್ತು ಸಲ ಬರಬೇಕು. ಆದರೂ ಒಂದು ಸಂಖ್ಯೆ ಆರು ಸಲ, ಮತ್ತೊಂದು ಹದಿನಾಲ್ಕು ಸಲ ಬಂದರೆ ಅದು ಮೋಸವಲ್ಲ. ಎಲ್ಲ ಮುಖಗಳೂ ಸರಿಯಾಗಿ ಹತ್ತತ್ತು ಸಲ ಬಂದರೆ ನನಗೆ ಅನುಮಾನ ಬರುತ್ತದೆ.

ಪರದೆಯ ದಾಳ ನಿಜವಾಗಿ ಕೆಡಿಸುವುದು ಬೇರೊಂದನ್ನು. ಕಳ್ಳ ಬಾಗಿಲಿನಲ್ಲಿ ಗುಪ್ತಬಲೆ ಹುಡುಕುತ್ತಾನೆ, ಚಾಟ್‌ನಲ್ಲಿ 3 ಕಾಣುತ್ತದೆ. "ಏನೂ ಕಾಣಿಸಲಿಲ್ಲ" ಎಂದು ನಾನು ಹೇಳಿದರೂ ಸರಿಯಾಗಿ ಹುಡುಕಲಿಲ್ಲವೆಂದು ಅವನಿಗೆ ಗೊತ್ತು. ಪಾತ್ರಕ್ಕೆ ಗೊತ್ತಿರಬಾರದ ಸಂಗತಿ ಆಟಗಾರನಿಗೆ ಗೊತ್ತಾಗಿಬಿಟ್ಟಿತು. ಹಿಂದೆ ಮೇಜಿನ ಸುತ್ತ ಆಡುವಾಗ ಇಂಥ ಕಡೆ ನಾನೇ ಅಡ್ಡಪರದೆಯ ಹಿಂದೆ ಅವನ ಪರವಾಗಿ ಉರುಳಿಸುತ್ತಿದ್ದೆ.

ಫೌಂಡ್ರಿಯಲ್ಲಿ ಇದಕ್ಕೆ ದಾರಿಯಿದೆ. `/gmroll` ಬಳಸಿದರೆ ಉರುಳಿಸಿದವನಿಗೂ ನನಗೂ ಮಾತ್ರ ಕಾಣುತ್ತದೆ, ಹಾಗಾಗಿ ಈ ಕೆಲಸಕ್ಕೆ ಅದು ಸಾಲದು. ಬೇಕಾದದ್ದು ಇದು:

```
/blindroll 1d20+7
```

ಉರುಳಿಸುವವನು ಅವನೇ, ಅಂಕ ನೋಡುವವನು ನಾನೊಬ್ಬನೇ. ಒಂದು ಎಚ್ಚರಿಕೆ: ಚಾಟ್‌ನ ಬಳಿಯ ಆಯ್ಕೆಯಲ್ಲಿ ಇದೇ ಬಗೆಯನ್ನು ಆರಿಸಿ ಮರೆತರೆ ಆಮೇಲಿನ ಕತ್ತಿಯ ಏಟುಗಳ ಅಂಕವೂ ಮರೆಯಾಗುತ್ತದೆ. ಐದು ನಿಮಿಷ ಯಾರಿಗೂ ಏನಾಗಿದೆ ತಿಳಿಯುವುದಿಲ್ಲ. ಅದಕ್ಕೇ ನಾನು ಪ್ರತಿ ಸಲ ಟೈಪ್ ಮಾಡಿಸುತ್ತೇನೆ.

ಎಲ್ಲ ಹುಡುಕಾಟಕ್ಕೂ ಇದನ್ನು ಹೇರುವುದಿಲ್ಲ. ಅಂಕ ನೋಡಿ ಎಲ್ಲರೂ ಒಟ್ಟಿಗೆ ಕೂಗುವ ಸಂತೋಷವನ್ನು ಕಸಿದರೆ ಆಟವೇ ಸಪ್ಪೆ. ಬಲೆ, ಸುಳ್ಳು, ಬೆನ್ನಟ್ಟಿ ಬರುವ ಹೆಜ್ಜೆ: ಈ ಮೂರಕ್ಕೆ ಮಾತ್ರ.

ಮೊದಲ ಕುರುಡು ಉರುಳಿಕೆಯ ನಂತರ "ಏನೂ ಕಾಣಿಸಲಿಲ್ಲ" ಎಂದೆ. ನಾಲ್ವರೂ ಆ ಬಾಗಿಲಿನ ಮುಂದೆ ಇಪ್ಪತ್ತು ನಿಮಿಷ ನಿಂತು ವಾದಿಸಿದರು. ಬಿದ್ದದ್ದು 19, ಅಲ್ಲಿ ಬಲೆಯೇ ಇರಲಿಲ್ಲ.