28 ಪಟ್ಟಿಗಳ ಬದಲು 28 ಚುಕ್ಕಿಗಳು

ಕಳೆದ ವಾರ ಒಂದು ವರದಿಯ ಕರಡು ನನ್ನ ಮೇಜಿಗೆ ಬಂತು. ಒಟ್ಟು 28 ವಿಭಾಗಗಳಲ್ಲಿ ಗಡುವಿನೊಳಗೆ ಮುಗಿದ ಕೆಲಸ ಶೇಕಡಾ ಎಷ್ಟು ಎಂದು ತೋರಿಸುವ ಬಾರ್ ಚಾರ್ಟ್ ಅದರಲ್ಲಿತ್ತು. ಅತಿ ಕಡಿಮೆ 78, ಅತಿ ಹೆಚ್ಚು 93. ಅಡ್ಡಲಾಗಿ ಮಲಗಿದ ನೀಲಿ ಪಟ್ಟಿಗಳು ಬಾಚಣಿಗೆಯ ಹಲ್ಲುಗಳಂತೆ ಪುಟವನ್ನೆಲ್ಲ ತುಂಬಿದ್ದವು. ನೋಡಬೇಕಾದದ್ದು ಇದ್ದದ್ದು ಬಲತುದಿಯ ಅಂಗೈಯಗಲ ಜಾಗದಲ್ಲಿ. ಉಳಿದ ಬಣ್ಣವೆಲ್ಲ ‘ಯಾರೂ 78ಕ್ಕಿಂತ ಕೆಳಗಿಲ್ಲ’ ಎಂಬ ಒಂದೇ ಮಾತನ್ನು 28 ಸಲ ಹೇಳುತ್ತಿತ್ತು.

ವ್ಯತ್ಯಾಸ ಎದ್ದು ಕಾಣಲೆಂದು ಸಹೋದ್ಯೋಗಿ ಅಕ್ಷವನ್ನು 75ರಿಂದ ಆರಂಭಿಸಿ ಮತ್ತೆ ತಂದರು. ಈಗ 78ರ ಪಟ್ಟಿಯ ಉದ್ದ 3 ಅಂಕ, 93ರದ್ದು 18. ಕಣ್ಣಿಗೆ ಆರು ಪಟ್ಟು! ನಿಜವಾದ ಹೆಚ್ಚಳ ಐದನೇ ಒಂದು ಭಾಗವೂ ಅಲ್ಲ. ಪಟ್ಟಿಯನ್ನು ನಾವು ಉದ್ದದಿಂದ ಓದುತ್ತೇವೆ. ಅದರ ಬುಡ ಕತ್ತರಿಸಿದರೆ ಲೆಕ್ಕವೇ ಸುಳ್ಳಾಗುತ್ತದೆ.

“ಹಾಗಾದರೆ ಏನು ಮಾಡುವುದು, ಸರ್?”

“ಪಟ್ಟಿ ಅಳಿಸಿ, ತುದಿಯಲ್ಲಿ ಒಂದು ಚುಕ್ಕಿ ಇಡಿ.”

ಸಂಖ್ಯಾಶಾಸ್ತ್ರಜ್ಞರಾದ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಪ್ರಕಟಿಸಿದ ಪ್ರಯೋಗಗಳ ಸಾರವೂ ಇದಕ್ಕೆ ಹತ್ತಿರದ್ದೇ: ಒಂದೇ ಅಳತೆಗೋಲಿನ ಮೇಲಿನ ಸ್ಥಾನವನ್ನು ಕಣ್ಣು ಬಿಡಿ ಉದ್ದಕ್ಕಿಂತ ನಿಖರವಾಗಿ ಹೋಲಿಸುತ್ತದೆ. ಚುಕ್ಕಿಗೆ ಉದ್ದವೇ ಇಲ್ಲ, ಸ್ಥಾನ ಮಾತ್ರ. ಆದ್ದರಿಂದ ಅಕ್ಷ 75ರಿಂದ ಆರಂಭವಾದರೂ ಅದು ಯಾರಿಗೂ ಮೋಸ ಮಾಡುವುದಿಲ್ಲ.

ಲಾಲಿಪಾಪ್ ಚಾರ್ಟ್ ಬಗ್ಗೆ ಮಾತ್ರ ನನಗೆ ತಕರಾರಿದೆ. ಚುಕ್ಕಿಗೆ ಕಡ್ಡಿ ಸೇರಿಸಿದ ಕೂಡಲೇ ಉದ್ದ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಅದು ತೆಳ್ಳಗಾದ ಪಟ್ಟಿಯೇ, ಸೊನ್ನೆಯಿಂದ ಆರಂಭವಾಗಲೇಬೇಕು. ಕ್ಲೀವ್‌ಲ್ಯಾಂಡ್ ಇದಕ್ಕೊಂದು ಜಾಣ ಉಪಾಯ ಹೇಳಿದ್ದಾರೆ. ಅಕ್ಷ ಸೊನ್ನೆಯಿಂದ ಹೊರಟಿದ್ದರೆ ಮಸುಕು ಗೆರೆ ಚುಕ್ಕಿಯವರೆಗೆ ಬಂದು ನಿಲ್ಲಲಿ. ಇಲ್ಲವಾದರೆ ಗೆರೆ ಚುಕ್ಕಿಯನ್ನು ದಾಟಿ ಆ ಬದಿಯ ಅಂಚಿನವರೆಗೂ ಹೋಗಲಿ. ಆಗ ಗೆರೆ ಹೆಸರಿನಿಂದ ಚುಕ್ಕಿಗೆ ದಾರಿ ತೋರಿಸುತ್ತದೆಯೇ ಹೊರತು ಯಾವ ಅಳತೆಯನ್ನೂ ಹೇಳುವುದಿಲ್ಲ.

ಇನ್ನೊಂದು ಎಡವಟ್ಟು ದಪ್ಪ ಚುಕ್ಕಿಯದು. ಸರಿಯಾದ ಅಂಕ ಇರುವುದು ಚುಕ್ಕಿಯ ನಡುವೆ, ಓದುಗ ನೋಡುವುದು ಅದರ ಹೊರ ಅಂಚನ್ನು. ಒಂದು ಅಂಕಕ್ಕೆ ಒಂದು ಸೆಂಟಿಮೀಟರ್ ಇರುವಲ್ಲಿ 8 ಮಿಲಿಮೀಟರ್ ಅಗಲದ ಚುಕ್ಕಿ ಇಟ್ಟರೆ 0.4 ಅಂಕದ ತಪ್ಪು ಅಲ್ಲೇ ಆಗಿಹೋಯಿತು.

ಐದಾರು ವರ್ಗಗಳಷ್ಟೇ ಇದ್ದು, ಒಂದು ಇನ್ನೊಂದರ ಎಷ್ಟು ಪಟ್ಟು ಎಂದು ತೋರಿಸಬೇಕಾದರೆ ನಾನು ಇಂದಿಗೂ ಪಟ್ಟಿಯನ್ನೇ ಎಳೆಯುತ್ತೇನೆ.

ಆ ಕರಡಿನಲ್ಲಿ ವಿಭಾಗಗಳು ಅಕಾರಾದಿಯಲ್ಲಿದ್ದವು. ಚುಕ್ಕಿ ಇಟ್ಟು, ಮೇಲಿನಿಂದ ಕೆಳಕ್ಕೆ ಇಳಿಕೆಯ ಕ್ರಮದಲ್ಲಿ ಜೋಡಿಸಿದೆವು. 93ರಿಂದ 84ರವರೆಗೆ 25 ಚುಕ್ಕಿಗಳು ಇಳಿಜಾರಿನಂತೆ ಬಂದವು. ಆಮೇಲೆ ಖಾಲಿ. 80ರ ಎಡಕ್ಕೆ ಮೂರೇ ಚುಕ್ಕಿಗಳು. ಸಹೋದ್ಯೋಗಿ ಆ ಖಾಲಿ ಜಾಗದ ಮೇಲೆ ಬೆರಳಿಟ್ಟು, “ಇದು ಮೊದಲೂ ಇತ್ತೇ?” ಎಂದು ಕೇಳಿದರು.